ಅಜ್ಜ-ಅಜ್ಜಿಯರ ಲೆಕ್ಕ: ನಾಜಿ ಜರ್ಮನಿಯಲ್ಲಿ ಯಹೂದಿ ಯಾರು ಎಂದು ತೀರ್ಮಾನವಾದ ಬಗೆ

(ರಕ್ಷಕ-ಶಿಕ್ಷಕ ಸಭೆಯಲ್ಲಿ ಇತಿಹಾಸ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ನಿಮ್ಮ ಮಕ್ಕಳು ಪ್ರೌಢಶಾಲೆಗೆ ಬಂದಾಗ ಇತಿಹಾಸದ ಪಾಠದಲ್ಲಿ ಹಿಟ್ಲರ್ ಬರುತ್ತಾನೆ. ಅವನ ಸರಕಾರ ಅರುವತ್ತು ಲಕ್ಷ ಯಹೂದಿಗಳನ್ನು ಕೊಂದಿತು ಎಂದು ಮಕ್ಕಳು ಓದುತ್ತಾರೆ. ಆ ಪಾಠ ಮಾಡುವಾಗ ಹೆಚ್ಚುಕಡಿಮೆ ಪ್ರತಿ ವರ್ಷವೂ ಒಂದು ಪ್ರಶ್ನೆ ಬರುತ್ತದೆ: “ಯಹೂದಿ ಎಂದರೆ ಧರ್ಮವೋ, ಜಾತಿಯೋ? ಧರ್ಮವಾದರೆ ಅವರು ಬೇರೆ ಧರ್ಮಕ್ಕೆ ಸೇರಿ ಜೀವ ಉಳಿಸಿಕೊಳ್ಳಬಹುದಿತ್ತಲ್ಲ?” ಮಕ್ಕಳು ಮನೆಗೆ ಬಂದು ನಿಮ್ಮನ್ನೂ ಹೀಗೆ ಕೇಳಿಯಾರು. ಪಠ್ಯಪುಸ್ತಕ ಒಂದು ಕಡೆ ‘ಯಹೂದಿ ಧರ್ಮ’ ಎನ್ನುತ್ತದೆ, ಇನ್ನೊಂದು ಕಡೆ ‘ಯಹೂದಿ ಜನಾಂಗ’ ಎನ್ನುತ್ತದೆ. ಮಗುವಿಗೆ ಗೊಂದಲವಾಗುವುದು ಸಹಜ.

ಇದೇ ಗೊಂದಲ ಹಿಟ್ಲರನ ಅಧಿಕಾರಿಗಳಿಗೂ ಇತ್ತು. ಅವರು ಅದನ್ನು ಬಗೆಹರಿಸಿದ್ದು ಒಂದು ಎಣಿಕೆಯಿಂದ. ಮನುಷ್ಯ ಏನು ನಂಬುತ್ತಾನೆ ಎಂದು ಅವರು ಕೇಳಲಿಲ್ಲ. ಅವನ ನಾಲ್ವರು ಅಜ್ಜ-ಅಜ್ಜಿಯರಲ್ಲಿ ಎಷ್ಟು ಮಂದಿ ಯಹೂದಿಗಳು ಎಂದು ಕೇಳಿದರು. ಆ ಲೆಕ್ಕ ಹೇಗೆ ಹುಟ್ಟಿತು, ಹೇಗೆ ನಡೆಯಿತು, ಅದರೊಳಗೆ ಯಾವ ಮೋಸ ಅಡಗಿತ್ತು ಎಂಬುದಷ್ಟನ್ನೇ ಇವತ್ತು ನಿಮ್ಮ ಮುಂದಿಡುತ್ತೇನೆ.

ಮೊದಲ ಪ್ರಯತ್ನ

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅದೇ ವರ್ಷದ ಜನಗಣತಿಯಲ್ಲಿ ‘ಯಹೂದಿ ಧರ್ಮ’ ಎಂದು ಬರೆಸಿಕೊಂಡವರು ಸುಮಾರು 5 ಲಕ್ಷ, ಎಂದರೆ ನೂರು ಮಂದಿಯಲ್ಲಿ ಒಬ್ಬರಿಗಿಂತಲೂ ಕಡಿಮೆ. ಅವರಲ್ಲಿ ವೈದ್ಯರು, ವಕೀಲರು, ಅಂಗಡಿಯವರು, ದನದ ವ್ಯಾಪಾರಿಗಳು, ಅಧ್ಯಾಪಕರು ಎಲ್ಲ ಇದ್ದರು. ಹಿಂದಿನ ನೂರು ವರ್ಷಗಳಲ್ಲಿ ಅನೇಕ ಯಹೂದಿಗಳು ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿದ್ದರು. ಕ್ರೈಸ್ತರನ್ನು ಮದುವೆಯಾದವರೂ ಬಹಳ. ಅವರ ಮಕ್ಕಳು, ಮೊಮ್ಮಕ್ಕಳು ಚರ್ಚಿನಲ್ಲೇ ಬೆಳೆದವರು. ತಮ್ಮ ಮನೆತನದಲ್ಲಿ ಯಹೂದಿಗಳಿದ್ದರು ಎಂಬುದೇ ಕೆಲವರಿಗೆ ತಿಳಿದಿರಲಿಲ್ಲ.

ನಾಜಿಗಳ ವಾದದ ಪ್ರಕಾರ ಯಹೂದಿತನ ಇರುವುದು ರಕ್ತದಲ್ಲಿ. ದೀಕ್ಷಾಸ್ನಾನದ ನೀರಿನಿಂದ ಅದು ತೊಳೆದು ಹೋಗುವುದಿಲ್ಲ. ಹಾಗಾಗಿ ಧರ್ಮ ಬದಲಾಯಿಸಿದವರನ್ನೂ ಅವರು ಬಿಡುವವರಲ್ಲ. 1933ರ ಎಪ್ರಿಲ್ 7ರಂದು ಸರಕಾರಿ ನೌಕರಿಯಿಂದ ‘ಆರ್ಯರಲ್ಲದವರನ್ನು’ ತೆಗೆಯುವ ಕಾನೂನು ಬಂತು. ನಾಲ್ಕು ದಿನ ಕಳೆದು, ಎಪ್ರಿಲ್ 11ರಂದು, ಆರ್ಯನಲ್ಲದವನು ಯಾರು ಎಂಬ ವಿವರಣೆ ಹೊರಟಿತು: ತಂದೆ-ತಾಯಿಯರಲ್ಲಿ ಅಥವಾ ಅಜ್ಜ-ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಸಾಕು. ಆ ಒಬ್ಬರು ಯಹೂದಿ ಧರ್ಮದಲ್ಲಿದ್ದರೆ ವಿಶೇಷವಾಗಿ ಹಾಗೆ ತಿಳಿಯಬೇಕು ಎಂದೂ ಅದರಲ್ಲಿ ಸೇರಿಸಿದ್ದರು.

ಈ ಕೊನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಬಾಯಲ್ಲಿ ಹೇಳುತ್ತಿದ್ದುದು ರಕ್ತದ ವಿಷಯ. ಕಾಗದದಲ್ಲಿ ಗುರುತಿಗಾಗಿ ಹಿಡಿದುಕೊಂಡದ್ದು ಅಜ್ಜನ ಧರ್ಮ.

ಎರಡು ತಿಂಗಳ ಜಗಳ

ಮುಂದಿನ ದೊಡ್ಡ ಹೆಜ್ಜೆ 1935ರದು. ನ್ಯೂರೆಂಬರ್ಗ್ ಎಂಬ ಊರಿನಲ್ಲಿ ನಾಜಿ ಪಕ್ಷದ ವಾರ್ಷಿಕ ಸಮಾವೇಶ ನಡೆಯುತ್ತಿತ್ತು. ಯಹೂದಿಗಳ ಬಗ್ಗೆ ಕೂಡಲೇ ಒಂದು ಕಾನೂನು ಬರೆಯಬೇಕೆಂದು ಹಿಟ್ಲರ್ ಆಜ್ಞೆ ಮಾಡಿದ. ಬರ್ಲಿನ್ನಿನ ಗೃಹ ಇಲಾಖೆಯಲ್ಲಿ ಯಹೂದಿಗಳ ವಿಚಾರ ನೋಡಿಕೊಳ್ಳುತ್ತಿದ್ದ ಬರ್ನ್‌ಹಾರ್ಡ್ ಲೋಸೆನರ್ ಎಂಬ ಅಧಿಕಾರಿಯನ್ನು ಅವಸರದಲ್ಲಿ ಅಲ್ಲಿಗೆ ಕರೆಸಿದರು. ಎರಡು ದಿನ ರಾತ್ರಿ-ಹಗಲು ಕರಡುಗಳನ್ನು ಬರೆದದ್ದಾಯಿತು. ಸೆಪ್ಟೆಂಬರ್ 15ರಂದು ಸಂಸತ್ತನ್ನು ಆ ಊರಿನಲ್ಲೇ ಸೇರಿಸಿ ಕಾನೂನುಗಳನ್ನು ಅಂಗೀಕರಿಸಿದರು.

ಇವುಗಳಲ್ಲಿ ಎರಡು ಮುಖ್ಯ. ಒಂದು ಪೌರತ್ವದ ಕಾನೂನು. ಅದರ ಪ್ರಕಾರ ‘ಜರ್ಮನ್ ಅಥವಾ ತತ್ಸಮಾನ ರಕ್ತ’ದವರು ಮಾತ್ರ ಪೂರ್ಣ ಹಕ್ಕಿನ ಪೌರರು, ಉಳಿದವರು ಸರಕಾರದ ಪ್ರಜೆಗಳು ಅಷ್ಟೆ, ಅವರಿಗೆ ರಾಜಕೀಯ ಹಕ್ಕುಗಳಿಲ್ಲ. ಎರಡನೆಯದು ‘ಜರ್ಮನ್ ರಕ್ತ ಮತ್ತು ಜರ್ಮನ್ ಮಾನದ ರಕ್ಷಣೆ’ಯ ಕಾನೂನು. ಅದು ಯಹೂದಿಗಳಿಗೂ ಜರ್ಮನ್ ರಕ್ತದವರಿಗೂ ನಡುವೆ ಮದುವೆಯನ್ನೂ ವಿವಾಹಬಾಹಿರ ಸಂಬಂಧವನ್ನೂ ನಿಷೇಧಿಸಿತು. 45 ವರ್ಷಕ್ಕಿಂತ ಕಡಿಮೆ ವಯಸ್ಸಿನ ಜರ್ಮನ್ ಹೆಂಗಸರನ್ನು ಯಹೂದಿ ಮನೆಗಳಲ್ಲಿ ಕೆಲಸಕ್ಕಿಡಬಾರದೆಂದೂ ಹೇಳಿತು.

ಇಷ್ಟೆಲ್ಲ ಬರೆದ ಕಾನೂನುಗಳಲ್ಲಿ ಯಹೂದಿ ಎಂದರೆ ಯಾರು ಎಂದು ಎಲ್ಲಿಯೂ ಬರೆದಿರಲಿಲ್ಲ. ಕರಡಿನಲ್ಲಿ “ಇದು ಪೂರ್ಣ ಯಹೂದಿಗಳಿಗೆ ಮಾತ್ರ ಅನ್ವಯಿಸುತ್ತದೆ” ಎಂಬ ಅರ್ಥದ ಒಂದು ವಾಕ್ಯವಿತ್ತು. ಹಿಟ್ಲರ್ ಅದನ್ನು ಹೊಡೆದುಹಾಕಿದ. ಹೀಗಾಗಿ ಮದುವೆ ಮಾಡಿಕೊಂಡರೆ ಜೈಲು ಎಂಬ ಕಾನೂನು ಬಂದಾಗಿತ್ತು, ಯಾರಿಗೆ ಜೈಲು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ.

ಮುಂದಿನ ಎರಡು ತಿಂಗಳು ಇದರ ಬಗ್ಗೆಯೇ ಜಗಳ. ಪಕ್ಷದ ಕಡೆಯವರು, ಮುಖ್ಯವಾಗಿ ವೈದ್ಯರ ಸಂಘಟನೆಯ ನಾಯಕ ಗೆರ್ಹಾರ್ಡ್ ವಾಗ್ನರ್, ಬಲೆಯನ್ನು ಆದಷ್ಟು ದೊಡ್ಡದಾಗಿ ಬೀಸಬೇಕು, ಒಬ್ಬ ಯಹೂದಿ ಅಜ್ಜನಿದ್ದವರನ್ನೂ ಸೇರಿಸಬೇಕು ಎಂದರು. ಗೃಹ ಇಲಾಖೆಯವರು ಬೇಡ ಎಂದರು. ಅವರದು ಕರುಣೆಯ ವಾದವಲ್ಲ, ಲೆಕ್ಕಾಚಾರದ ವಾದ. ಅರ್ಧ ಯಹೂದಿಯೆಂದರೆ ಅರ್ಧ ಜರ್ಮನ್. ಅವನನ್ನು ಆಚೆ ತಳ್ಳಿದರೆ ಅವನ ಜರ್ಮನ್ ತಾಯಿ, ಸೋದರಮಾವಂದಿರು, ಬೀಗರು ಎಲ್ಲರೂ ಅಸಮಾಧಾನಗೊಳ್ಳುತ್ತಾರೆ, ಸೈನ್ಯಕ್ಕೆ ಬರಬೇಕಾದ ಯುವಕರೂ ಕೈ ತಪ್ಪುತ್ತಾರೆ ಎಂಬುದು ಅವರ ಲೆಕ್ಕ. ಕೊನೆಗೆ ನವೆಂಬರ್ 14ರಂದು ಇಬ್ಬರಿಗೂ ನಡುವಿನ ಒಂದು ಒಪ್ಪಂದ ನಿಯಮವಾಗಿ ಹೊರಬಂತು.

ಮೂರು, ಎರಡು, ಒಂದು

ಆ ನಿಯಮವನ್ನು ಸರಳವಾಗಿ ಹೇಳುತ್ತೇನೆ. ಪ್ರತಿಯೊಬ್ಬನಿಗೂ ನಾಲ್ವರು ಅಜ್ಜ-ಅಜ್ಜಿಯರು: ತಂದೆಯ ತಂದೆ-ತಾಯಿ ಇಬ್ಬರು, ತಾಯಿಯ ತಂದೆ-ತಾಯಿ ಇಬ್ಬರು. ಈ ನಾಲ್ವರಲ್ಲಿ ಮೂವರು ಅಥವಾ ನಾಲ್ವರೂ ಯಹೂದಿಗಳಾಗಿದ್ದರೆ ನೀನು ಯಹೂದಿ. ಅಲ್ಲಿಗೆ ಮುಗಿಯಿತು. ನೀನು ದೇವರನ್ನೇ ನಂಬದವನಿರಬಹುದು, ಹುಟ್ಟಿನಿಂದ ಚರ್ಚಿಗೆ ಹೋಗುವವನಿರಬಹುದು, ಸ್ವತಃ ಪಾದ್ರಿಯೇ ಆಗಿರಬಹುದು. ಅದನ್ನು ಯಾರೂ ಕೇಳುವುದಿಲ್ಲ.

ಇಬ್ಬರು ಅಥವಾ ಒಬ್ಬರು ಯಹೂದಿಗಳಾಗಿದ್ದರೆ ನೀನು ‘ಮಿಶ್ಲಿಂಗ್’, ಎಂದರೆ ಬೆರಕೆಯವನು. ಇಬ್ಬರಿದ್ದವನನ್ನು ಮುಂದೆ ಮೊದಲ ದರ್ಜೆಯ ಬೆರಕೆ ಎಂದೂ ಒಬ್ಬರೇ ಇದ್ದವನನ್ನು ಎರಡನೆಯ ದರ್ಜೆಯ ಬೆರಕೆ ಎಂದೂ ಕರೆಯುವ ರೂಢಿ ಬಂತು. ಯಾವ ದರ್ಜೆಯವನು ಯಾರನ್ನು ಮದುವೆಯಾಗಬಹುದು ಎಂಬುದಕ್ಕೂ ನಿಯಮಗಳಾದವು. ಮೊದಲ ದರ್ಜೆಯವನು ಜರ್ಮನ್ ಹುಡುಗಿಯನ್ನು ಮದುವೆಯಾಗಲು ಸರಕಾರದ ವಿಶೇಷ ಅನುಮತಿ ಬೇಕು. ಎರಡನೆಯ ದರ್ಜೆಯವರಿಬ್ಬರು ತಮ್ಮತಮ್ಮಲ್ಲಿ ಮದುವೆಯಾಗಬಾರದು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಯಹೂದಿ ಸಮಾಜಕ್ಕೆ ತನ್ನದೇ ಆದ ಹಳೆಯ ಶಾಸ್ತ್ರನಿಯಮವಿದೆ. ಅದರ ಪ್ರಕಾರ ಯಹೂದಿ ತಾಯಿಗೆ ಹುಟ್ಟಿದವನು ಯಹೂದಿ. ಕ್ರಮಪ್ರಕಾರ ಆ ಧರ್ಮಕ್ಕೆ ಸೇರಿದವನೂ ಯಹೂದಿಯೇ. ನಾಜಿಗಳ ಎಣಿಕೆಗೂ ಈ ಶಾಸ್ತ್ರಕ್ಕೂ ಸಂಬಂಧವಿಲ್ಲ. ತಾಯಿಯ ತಾಯಿ ಒಬ್ಬಳೇ ಯಹೂದಿಯಾಗಿದ್ದರೆ ಶಾಸ್ತ್ರದ ಪ್ರಕಾರ ಮೊಮ್ಮಗ ಯಹೂದಿ. ನಾಜಿ ಲೆಕ್ಕದಲ್ಲಿ ಅವನು ಕಾಲು ಪಾಲಿನ ಬೆರಕೆ. ತಂದೆಯ ಕಡೆಯ ಇಬ್ಬರೂ ತಾಯಿಯ ತಂದೆಯೂ ಯಹೂದಿಗಳಾಗಿ, ತಾಯಿಯ ತಾಯಿ ಮಾತ್ರ ಕ್ರೈಸ್ತಳಾಗಿದ್ದರೆ ಶಾಸ್ತ್ರ ಅವನನ್ನು ಯಹೂದಿ ಎನ್ನುವುದಿಲ್ಲ. ನಾಜಿ ಲೆಕ್ಕದಲ್ಲಿ ಮೂವರಾದರು, ಅವನು ಪೂರ್ಣ ಯಹೂದಿ.

ಅಜ್ಜ ಯಹೂದಿ ಎಂದು ತಿಳಿಯುವುದು ಹೇಗೆ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ನನ್ನನ್ನು ಅಳೆಯಲು ನನ್ನ ಅಜ್ಜನನ್ನು ನೋಡಬೇಕು. ಅಜ್ಜನನ್ನು ಅಳೆಯಲು ಯಾರನ್ನು ನೋಡಬೇಕು? ಅವನ ಅಜ್ಜನನ್ನೇ? ಹೀಗೆ ಹೋದರೆ ಕೊನೆಯೇ ಇಲ್ಲ. ರಕ್ತ ತೆಗೆದು ಪರೀಕ್ಷೆ ಮಾಡಿ ಇವನು ಯಹೂದಿ ಎಂದು ಹೇಳುವ ಯಾವ ವಿಧಾನವೂ ಇರಲಿಲ್ಲ, ಈಗಲೂ ಇಲ್ಲ. ಏಕೆಂದರೆ ಅಂಥ ಬೇರೆ ರಕ್ತವೇ ಇಲ್ಲ.

ಆದ್ದರಿಂದ ನಿಯಮದಲ್ಲಿ ಒಂದು ಸಣ್ಣ ವಾಕ್ಯ ಸೇರಿಸಿದರು. ಅಜ್ಜನೋ ಅಜ್ಜಿಯೋ ಯಹೂದಿ ಧಾರ್ಮಿಕ ಸಮುದಾಯದ ಸದಸ್ಯರಾಗಿದ್ದರೆ, ಬೇರೆ ವಿಚಾರಣೆಯಿಲ್ಲದೆ ಅವರನ್ನು ಪೂರ್ಣ ಯಹೂದಿ ಎಂದು ತಿಳಿಯತಕ್ಕದ್ದು. ರಕ್ತದ ಕಾನೂನಿನ ಇಡೀ ಕಟ್ಟಡ ನಿಂತದ್ದು ಈ ಒಂದು ವಾಕ್ಯದ ಮೇಲೆ. ನನ್ನ ನಂಬಿಕೆ ಲೆಕ್ಕಕ್ಕಿಲ್ಲ. ಆದರೆ ನನ್ನ ಅಜ್ಜ ಅರುವತ್ತು ವರ್ಷಗಳ ಹಿಂದೆ ಯಾವ ಮಂದಿರದ ಪಟ್ಟಿಯಲ್ಲಿ ಹೆಸರು ಬರೆಸಿದ್ದ ಎಂಬುದರಿಂದ ನನ್ನ ‘ರಕ್ತ’ ತೀರ್ಮಾನವಾಗುತ್ತದೆ.

ಅದಕ್ಕೆ ಒಂದು ವ್ಯಾವಹಾರಿಕ ಕಾರಣವೂ ಇತ್ತು. ಜರ್ಮನಿಯಾದ್ಯಂತ ಸರಕಾರವೇ ಜನನ, ಮದುವೆ, ಮರಣಗಳನ್ನು ದಾಖಲಿಸಲು ತೊಡಗಿದ್ದು 1876ರಿಂದ. 1935ರಲ್ಲಿ ಮೂವತ್ತು ವರ್ಷದವನೊಬ್ಬನ ಅಜ್ಜ-ಅಜ್ಜಿಯರು ಅದಕ್ಕೂ ಎಷ್ಟೋ ಹಿಂದೆ ಹುಟ್ಟಿದವರು. ಅವರ ಜನನದ ದಾಖಲೆ ಹೆಚ್ಚಾಗಿ ಇರುವುದು ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ, ಇಲ್ಲವೇ ಯಹೂದಿ ಸಮುದಾಯದ ಪುಸ್ತಕದಲ್ಲಿ. ಸರಕಾರಕ್ಕೆ ಸಿಗುತ್ತಿದ್ದ ಸಾಕ್ಷ್ಯವೇ ಧರ್ಮದ ಸಾಕ್ಷ್ಯ.

ಹೀಗಾಗಿ ಇಡೀ ದೇಶ ಕಾಗದ ಹುಡುಕಲು ಹೊರಟಿತು. ತಾನು ಆರ್ಯ ಎಂದು ತೋರಿಸಬೇಕಾದವನು ಸಾಮಾನ್ಯವಾಗಿ ಏಳು ಜನನ ಅಥವಾ ದೀಕ್ಷಾಸ್ನಾನದ ಪತ್ರಗಳನ್ನು ತರಬೇಕಿತ್ತು: ತನ್ನದು ಒಂದು, ತಂದೆ-ತಾಯಿಯರದು ಎರಡು, ಅಜ್ಜ-ಅಜ್ಜಿಯರದು ನಾಲ್ಕು. ಅದರ ಮೇಲೆ ಮೂರು ಮದುವೆ ಪತ್ರಗಳು: ತಂದೆ-ತಾಯಿಯರದು, ತಂದೆಯ ತಂದೆ-ತಾಯಿಯರದು, ತಾಯಿಯ ತಂದೆ-ತಾಯಿಯರದು. ಮಗುವನ್ನು ಶಾಲೆಗೆ ಸೇರಿಸಲು ಒಂದು ಜನನ ಪತ್ರಕ್ಕಾಗಿ ಓಡಾಡುವ ಕಷ್ಟ ನಿಮಗೆ ಗೊತ್ತು. ಇದು ಹತ್ತು ಪತ್ರಗಳು, ಬೇರೆ ಬೇರೆ ಊರುಗಳಿಂದ. ಹಳ್ಳಿಯ ಪಾದ್ರಿಗಳು ಹಳೆಯ ಪುಸ್ತಕಗಳನ್ನು ತೆಗೆದು ನಕಲು ಬರೆದು ಕೊಟ್ಟರು. ಇವೆಲ್ಲವನ್ನೂ ತುಂಬಿಸಿ ಮೊಹರು ಹಾಕಿಸಿಕೊಳ್ಳಲು ‘ಪೂರ್ವಜರ ಪುಸ್ತಿಕೆ’ ಎಂಬ ಸಣ್ಣ ಪುಸ್ತಕ ಅಂಗಡಿಗಳಲ್ಲಿ ಮಾರಾಟಕ್ಕೆ ಬಂತು. ಎಸ್.ಎಸ್. ಪಡೆಯಲ್ಲಿ ಅಧಿಕಾರಿಯಾಗಬೇಕಾದವನು 1750ರವರೆಗೂ ಹಿಂದೆ ಹೋಗಿ ತೋರಿಸಬೇಕಿತ್ತು.

ಅನ್ನಾ ಮತ್ತು ಹಿಲ್ಡೆ

ಈ ಲೆಕ್ಕ ಎಲ್ಲಿ ಮುರಿದು ಬೀಳುತ್ತದೆ ಎಂಬುದನ್ನು ಒಂದು ಕಲ್ಪಿತ ಕುಟುಂಬವನ್ನು ಇಟ್ಟುಕೊಂಡು ನೋಡೋಣ. ಹೆಸರುಗಳು ನಾನು ಇಟ್ಟವು. ನಿಯಮ ಮಾತ್ರ ನಿಜವಾದದ್ದು.

ಅನ್ನಾ ಎಂಬವಳು 1853ರಲ್ಲಿ ರೈತರ ಮನೆಯಲ್ಲಿ ಹುಟ್ಟಿದ ಕ್ರೈಸ್ತ ಹುಡುಗಿ. ಅವಳ ಹಿಂದಿನ ಎಲ್ಲ ತಲೆಮಾರಿನವರೂ ಕ್ರೈಸ್ತರೇ. ಅವಳು ಯಹೂದಿ ವ್ಯಾಪಾರಿಯೊಬ್ಬನನ್ನು ಮೆಚ್ಚಿ, ಯಹೂದಿ ಧರ್ಮಕ್ಕೆ ಸೇರಿ, ಅವನನ್ನು ಮದುವೆಯಾದಳು. ಅವರ ಮಗ ಕಾರ್ಲ್ ಯಾವ ಧರ್ಮವನ್ನೂ ಪಾಲಿಸದೆ ಬೆಳೆದು ಕ್ರೈಸ್ತ ಹುಡುಗಿಯನ್ನು ಮದುವೆಯಾದ. ಅವರ ಮಗಳು ಹಿಲ್ಡೆ. ಅವಳು 1910ರಲ್ಲಿ ಹುಟ್ಟಿ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದವಳು.

1935ರಲ್ಲಿ ಹಿಲ್ಡೆ ಕಚೇರಿಗೆ ಕಾಗದಗಳನ್ನು ತೆಗೆದುಕೊಂಡು ಹೋಗುತ್ತಾಳೆ. ತಾಯಿಯ ಕಡೆಯ ಇಬ್ಬರೂ ಕ್ರೈಸ್ತರು. ತಂದೆಯ ತಂದೆ ಯಹೂದಿ, ಒಂದಾಯಿತು. ತಂದೆಯ ತಾಯಿ ಅನ್ನಾ? ನಾಜಿಗಳ ರಕ್ತದ ಸಿದ್ಧಾಂತದಂತೆ ಅವಳಲ್ಲಿ ಒಂದು ಹನಿ ಯಹೂದಿ ರಕ್ತವೂ ಇಲ್ಲ. ಆದರೆ ಅವಳ ಹೆಸರು ಯಹೂದಿ ಸಮುದಾಯದ ಪಟ್ಟಿಯಲ್ಲಿದೆ. ಹಾಗಾಗಿ ಮೊಮ್ಮಗಳ ಲೆಕ್ಕದಲ್ಲಿ ಅವಳು ಪೂರ್ಣ ಯಹೂದಿ. ಎರಡಾಯಿತು. ಹಿಲ್ಡೆ ಕಾಲು ಪಾಲಿನಿಂದ ಅರ್ಧಕ್ಕೆ ಏರಿದಳು, ಎಂದರೆ ಎರಡನೆಯ ದರ್ಜೆಯಿಂದ ಮೊದಲ ದರ್ಜೆಯ ಬೆರಕೆಯಾದಳು. ಅವಳು ಮದುವೆಯಾಗಲಿದ್ದ ಜರ್ಮನ್ ಹುಡುಗನಿಗೂ ಅವಳಿಗೂ ನಡುವೆ ಈಗ ಸರಕಾರದ ಅನುಮತಿಯ ಗೋಡೆ.

ಇನ್ನೂ ವಿಚಿತ್ರವಾದದ್ದು ಮುಂದಿದೆ. ಅನ್ನಾ ಇನ್ನೂ ಬದುಕಿದ್ದಾಳೆ ಎಂದುಕೊಳ್ಳಿ, 82 ವರ್ಷದ ಮುದುಕಿ. ಅರುವತ್ತು ವರ್ಷ ಯಹೂದಿ ಪ್ರಾರ್ಥನಾ ಮಂದಿರಕ್ಕೆ ಹೋದವಳು. ಅವಳದೇ ಲೆಕ್ಕ ಮಾಡುವಾಗ ನೋಡುವುದು ಅವಳ ಅಜ್ಜ-ಅಜ್ಜಿಯರನ್ನು. ನಾಲ್ವರೂ ಕ್ರೈಸ್ತರು. ಆದ್ದರಿಂದ ಅನ್ನಾ ‘ಜರ್ಮನ್ ರಕ್ತ’ದವಳು! ದಿನವೂ ಯಹೂದಿ ಪ್ರಾರ್ಥನೆ ಹೇಳುವ ಅಜ್ಜಿ ಕಾನೂನಿನ ಕಣ್ಣಿನಲ್ಲಿ ಜರ್ಮನ್. ಅವಳ ದೆಸೆಯಿಂದ, ಚರ್ಚಿಗೆ ಹೋಗುವ ಮೊಮ್ಮಗಳು ಇನ್ನಷ್ಟು ಯಹೂದಿ.

ಅಧಿಕಾರಿಗಳಿಗೆ ಇದು ತಿಳಿದಿರಲಿಲ್ಲವೇ? ಚೆನ್ನಾಗಿ ತಿಳಿದಿತ್ತು. ಗೃಹ ಇಲಾಖೆಯ ವಿಲ್ಹೆಲ್ಮ್ ಸ್ಟುಕಾರ್ಟ್ ಮತ್ತು ಹಾನ್ಸ್ ಗ್ಲೋಬ್ಕೆ ಎಂಬಿಬ್ಬರು 1936ರಲ್ಲಿ ಈ ಕಾನೂನುಗಳಿಗೆ ಒಂದು ದೊಡ್ಡ ವ್ಯಾಖ್ಯಾನ ಬರೆದು ಪ್ರಕಟಿಸಿದರು. ಮತಾಂತರಗೊಂಡು ಯಹೂದಿ ಸಮುದಾಯಕ್ಕೆ ಸೇರಿದ ಇಂಥ ಅಜ್ಜಿಯರ ವಿಚಾರವನ್ನೂ ಅವರು ಅದರಲ್ಲಿ ಎತ್ತಿಕೊಂಡಿದ್ದರು. ಮೊಮ್ಮಕ್ಕಳ ಮಟ್ಟಿಗೆ ಅವಳು ಯಹೂದಿಯೇ, ಅದರ ವಿರುದ್ಧ ಸಾಕ್ಷ್ಯ ತರುವಂತಿಲ್ಲ ಎಂಬುದು ಅವರ ತೀರ್ಮಾನ. ಸಿದ್ಧಾಂತ ಮುರಿದರೂ ಚಿಂತೆಯಿಲ್ಲ, ಗುಮಾಸ್ತನ ಕೆಲಸ ಸುಲಭವಾಗಬೇಕು. ಇದೇ ಗ್ಲೋಬ್ಕೆ ಯುದ್ಧಾನಂತರ, 1953ರಿಂದ 1963ರವರೆಗೆ, ಪಶ್ಚಿಮ ಜರ್ಮನಿಯ ಪ್ರಧಾನಿ ಅಡೆನಾವರ್ ಅವರ ಕಚೇರಿಯ ಮುಖ್ಯಸ್ಥನಾಗಿದ್ದ.

ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು

ಇಬ್ಬರು ಯಹೂದಿ ಅಜ್ಜ-ಅಜ್ಜಿಯರಿದ್ದವರ ವಿಷಯದಲ್ಲಿ ಇನ್ನೊಂದು ಕೊಕ್ಕೆಯಿತ್ತು. ಇಂಥವನು ಯಹೂದಿ ಸಮುದಾಯದ ಸದಸ್ಯನಾಗಿದ್ದರೆ, ಅಥವಾ ಯಹೂದಿಯನ್ನು ಮದುವೆಯಾಗಿದ್ದರೆ, ಅವನು ಬೆರಕೆಯಲ್ಲ, ಯಹೂದಿಯೇ ಎಂದು ತಿಳಿಯಬೇಕು. ಸದಸ್ಯತ್ವವನ್ನೂ ಮದುವೆಯನ್ನೂ ನೋಡುವುದು 1935ರ ಸೆಪ್ಟೆಂಬರ್ 15ರಂದು ಇದ್ದಂತೆ. ಆಮೇಲೆ ಸೇರಿದರೂ, ಆಮೇಲೆ ಮದುವೆಯಾದರೂ ಅದೇ ಗತಿ.

ಬರ್ಲಿನ್ನಿನಲ್ಲಿ ಯಹೂದಿ ತಂದೆ, ಕ್ರೈಸ್ತ ತಾಯಿ ಇರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಣ್ಣ ಓಟ್ಟೋ ಹುಟ್ಟಿದಾಗ ಅಜ್ಜನ ಸಂತೋಷಕ್ಕಾಗಿ ತಂದೆ ಅವನ ಹೆಸರನ್ನು ಯಹೂದಿ ಸಮುದಾಯದಲ್ಲಿ ಬರೆಸಿದ. ತಮ್ಮ ಎರ್ನ್‌ಸ್ಟ್ ಹುಟ್ಟಿದಾಗ ತಾಯಿ ಅವನಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸಿದಳು. ದೊಡ್ಡವರಾದ ಮೇಲೆ ಇಬ್ಬರೂ ಯಾವ ಪ್ರಾರ್ಥನೆಗೂ ಹೋದವರಲ್ಲ. ಆದರೆ ಜರ್ಮನಿಯಲ್ಲಿ ಧಾರ್ಮಿಕ ಸಮುದಾಯಗಳಿಗೆ ಸದಸ್ಯರ ತೆರಿಗೆ ಸಲ್ಲುವ ಪದ್ಧತಿಯಿದೆ. ಆದ್ದರಿಂದ ಯಾರು ಯಾವ ಸಮುದಾಯದವರು ಎಂಬುದು ಕಾಗದದಲ್ಲಿರುತ್ತದೆ. ಹೊರಬರಬೇಕಾದರೆ ಅಧಿಕೃತವಾಗಿ ಅರ್ಜಿ ಕೊಡಬೇಕು. ಓಟ್ಟೋ ಕೊಟ್ಟಿರಲಿಲ್ಲ, ಅದು ಅವನಿಗೆ ನೆನಪೂ ಆಗಿರಲಿಲ್ಲ.

ನವೆಂಬರ್ 14ರಂದು ನಿಯಮ ಪ್ರಕಟವಾದಾಗ ಓಟ್ಟೋ ಯಹೂದಿಯಾದ, ಎರ್ನ್‌ಸ್ಟ್ ಬೆರಕೆಯವನಾದ. ತಂದೆ-ತಾಯಿ ಅವರೇ, ನಾಲ್ವರು ಅಜ್ಜ-ಅಜ್ಜಿಯರು ಅವರೇ, ರಕ್ತವೂ ಅದೇ. ಓಟ್ಟೋ ಮರುದಿನವೇ ಓಡಿಹೋಗಿ ರಾಜೀನಾಮೆ ಕೊಟ್ಟರೂ ಪ್ರಯೋಜನವಿಲ್ಲ. ಏಕೆಂದರೆ ಲೆಕ್ಕಕ್ಕೆ ಬರುವ ದಿನ ಎರಡು ತಿಂಗಳ ಹಿಂದೆಯೇ ಕಳೆದುಹೋಗಿದೆ. ಆ ದಿನಕ್ಕೆ ಇಂಥ ಬೆಲೆ ಬರುತ್ತದೆ ಎಂದು ಆ ದಿನ ಯಾರಿಗೂ ಗೊತ್ತಿರಲಿಲ್ಲ.

ನಂಬಿಕೆಯನ್ನು ಬಾಗಿಲಿನಿಂದ ಹೊರಗೆ ಹಾಕಿದ ಕಾನೂನು ಅದನ್ನು ಕಿಟಕಿಯಿಂದ ಒಳಗೆ ಕರೆದುಕೊಂಡದ್ದು ಹೀಗೆ. ಅದೂ ನಂಬಿಕೆಯಾಗಿ ಅಲ್ಲ, ಪಟ್ಟಿಯಲ್ಲಿನ ಒಂದು ಹೆಸರಾಗಿ.

ಶಾಲೆಯ ಮಕ್ಕಳಿಗೆ ಆದದ್ದು

ನೀವು ತಂದೆ-ತಾಯಂದಿರಾದ್ದರಿಂದ ಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳುತ್ತೇನೆ. 1933ರ ಎಪ್ರಿಲ್ 25ರಂದೇ ಶಾಲೆಗಳ ‘ನೂಕುನುಗ್ಗಲು’ ತಡೆಯುವ ಹೆಸರಿನಲ್ಲಿ ಒಂದು ಕಾನೂನು ಬಂದಿತ್ತು. ಕಡ್ಡಾಯ ಶಿಕ್ಷಣದ ಮೇಲಿನ ಶಾಲೆಗಳಲ್ಲಿ ಮತ್ತು ಕಾಲೇಜುಗಳಲ್ಲಿ ಹೊಸದಾಗಿ ಸೇರುವವರ ಪೈಕಿ ಆರ್ಯರಲ್ಲದವರು ನೂರಕ್ಕೆ ಒಂದೂವರೆಗಿಂತ ಹೆಚ್ಚಿರಬಾರದು ಎಂದು ಅದು ವಿಧಿಸಿತು. ಇಬ್ಬರು ಅಜ್ಜ-ಅಜ್ಜಿಯರು ಆರ್ಯರಾಗಿದ್ದ ಮಕ್ಕಳಿಗೆ ವಿನಾಯಿತಿ ಕೊಟ್ಟರು. ಆರನೆಯ ತರಗತಿಯ ಹುಡುಗನೊಬ್ಬ ತನ್ನ ಅಜ್ಜಂದಿರನ್ನು ಎಣಿಸಲು ಕಲಿತದ್ದು ಹೀಗೆ. 1938ರ ನವೆಂಬರ್ 15ರಂದು, ಯಹೂದಿಗಳ ಪ್ರಾರ್ಥನಾ ಮಂದಿರಗಳನ್ನು ಸುಟ್ಟ ಕೆಲವೇ ದಿನಗಳಲ್ಲಿ, ಯಹೂದಿ ಎಂದು ಗಣನೆಯಾದ ಮಕ್ಕಳನ್ನೆಲ್ಲ ಸರಕಾರಿ ಶಾಲೆಗಳಿಂದ ಹೊರಗೆ ಹಾಕಿದರು. ಅವರಿಗೆ ಉಳಿದದ್ದು ಯಹೂದಿ ಸಮುದಾಯದವರೇ ನಡೆಸುತ್ತಿದ್ದ ಶಾಲೆಗಳು. 1942ರ ಜೂನ್ ಕೊನೆಯೊಳಗೆ ಅವನ್ನೂ ಮುಚ್ಚಿಸಿದರು.

ಮನೆಯಲ್ಲಿ ಯಹೂದಿ ಪ್ರಾರ್ಥನೆಯನ್ನೇ ಕೇಳದ ಮಕ್ಕಳೂ ಇವರಲ್ಲಿದ್ದರು. ತಾವು ಯಾಕೆ ಶಾಲೆ ಬಿಡಬೇಕು ಎಂದು ಅವರಿಗೆ ವಿವರಿಸಲು ತಂದೆ-ತಾಯಿಗಳ ಬಳಿ ಇದ್ದದ್ದು ಅಜ್ಜಿಯ ಒಂದು ಜನನ ಪತ್ರ ಮಾತ್ರ.

1939ರ ಮೇ 17ರಂದು ಜನಗಣತಿ ನಡೆಯಿತು. ಈ ಸಲ ಧರ್ಮದ ಪ್ರಶ್ನೆ ಸಾಲದೆಂದು ಪ್ರತಿ ಮನೆಗೂ ಒಂದು ಹೆಚ್ಚಿನ ಕಾರ್ಡು ಕೊಟ್ಟರು. ಮನೆಯ ಪ್ರತಿಯೊಬ್ಬರ ನಾಲ್ವರು ಅಜ್ಜ-ಅಜ್ಜಿಯರ ಬಗ್ಗೆ ಒಂದೊಂದಾಗಿ ‘ಯಹೂದಿ ಹೌದೋ ಅಲ್ಲವೋ’ ಎಂದು ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಿ ಕೊಡಬೇಕಿತ್ತು. ಆ ವೇಳೆಗೆ ಬಹಳ ಮಂದಿ ದೇಶ ಬಿಟ್ಟಿದ್ದರು; ಆಸ್ಟ್ರಿಯಾ ಜರ್ಮನಿಗೆ ಸೇರಿಹೋಗಿತ್ತು. ಸುಮಾರು 3 ಲಕ್ಷ 30 ಸಾವಿರ ಮಂದಿ ಯಹೂದಿಗಳೆಂದೂ, 70 ಸಾವಿರಕ್ಕೂ ಹೆಚ್ಚು ಮಂದಿ ಅರ್ಧದವರೆಂದೂ, 40 ಸಾವಿರಕ್ಕೂ ಹೆಚ್ಚು ಮಂದಿ ಕಾಲು ಪಾಲಿನವರೆಂದೂ ಲೆಕ್ಕ ಸಿಕ್ಕಿತು. ಯಹೂದಿಗಳೆಂದು ಎಣಿಕೆಯಾದವರಲ್ಲಿ ಸಾವಿರಾರು ಮಂದಿ ಯಹೂದಿ ಧರ್ಮದಲ್ಲಿ ಇರಲೇ ಇಲ್ಲ.

ಎಡಿತ್ ಸ್ಟೈನ್

“ಧರ್ಮ ಬದಲಾಯಿಸಿದ್ದರೆ ಉಳಿಯುತ್ತಿದ್ದರಲ್ಲ?” ಎಂಬ ಮಕ್ಕಳ ಪ್ರಶ್ನೆಗೆ ನೇರವಾದ ಉತ್ತರ ಒಬ್ಬ ಹೆಂಗಸಿನ ಬದುಕಿನಲ್ಲಿದೆ. ಎಡಿತ್ ಸ್ಟೈನ್ 1891ರಲ್ಲಿ ಬ್ರೆಸ್ಲಾವ್ ಎಂಬ ಊರಿನ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ವಿದುಷಿ. 1922ರಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬರುವ ಹನ್ನೊಂದು ವರ್ಷ ಮೊದಲೇ, ತಮ್ಮ ಸ್ವಂತ ನಂಬಿಕೆಯಿಂದ ದೀಕ್ಷಾಸ್ನಾನ ಪಡೆದು ಕೆಥೊಲಿಕರಾದರು. 1933ರಲ್ಲಿ ಅವರ ಅಧ್ಯಾಪನ ನಿಂತಿತು. ಅದೇ ವರ್ಷ ಅವರು ಕೊಲೋನ್ ನಗರದ ಕಾರ್ಮೆಲ್ ಮಠವನ್ನು ಸೇರಿ ಸನ್ಯಾಸಿನಿಯಾದರು.

ನಂಬಿಕೆಯ ದೃಷ್ಟಿಯಿಂದ ಇವರಿಗಿಂತ ಪೂರ್ಣ ಕ್ರೈಸ್ತರು ಯಾರಿದ್ದಾರು? ಆದರೆ ನಾಲ್ವರು ಅಜ್ಜ-ಅಜ್ಜಿಯರೂ ಯಹೂದಿಗಳು. 1938ರ ಕೊನೆಯ ದಿನ ಮಠದವರು ಅವರನ್ನು ರಕ್ಷಣೆಗಾಗಿ ಹಾಲೆಂಡಿನ ಎಖ್ಟ್ ಎಂಬ ಊರಿನ ಮಠಕ್ಕೆ ಕಳುಹಿಸಿದರು. 1940ರಲ್ಲಿ ಜರ್ಮನ್ ಸೈನ್ಯ ಹಾಲೆಂಡನ್ನೂ ಹಿಡಿಯಿತು. ಹಿಂದೆಯೇ ಅಜ್ಜಂದಿರ ಲೆಕ್ಕವೂ ಬಂತು. 1942ರ ಜುಲೈ 26ರಂದು ಅಲ್ಲಿನ ಕೆಥೊಲಿಕ್ ಬಿಷಪ್ಪರು ಯಹೂದಿಗಳ ಗಡೀಪಾರನ್ನು ಖಂಡಿಸುವ ಪತ್ರವನ್ನು ಚರ್ಚುಗಳಲ್ಲಿ ಓದಿಸಿದರು. ಇದರ ಸೇಡಿಗಾಗಿ, ಯಹೂದಿ ಮೂಲದ ಕೆಥೊಲಿಕರನ್ನು ಹಿಡಿಯಲು ಆಜ್ಞೆಯಾಯಿತು. ಆಗಸ್ಟ್ 2ರಂದು ಎಡಿತ್ ಸ್ಟೈನ್ ಅವರನ್ನೂ ಅವರ ಅಕ್ಕ ರೋಸಾ ಅವರನ್ನೂ ಮಠದಿಂದ ಕರೆದೊಯ್ದರು. ಆಗಸ್ಟ್ 9ರಂದು ಆಶ್ವಿಟ್ಸ್‌ನಲ್ಲಿ ಅವರನ್ನು ಕೊಂದರು. 1998ರಲ್ಲಿ ಕೆಥೊಲಿಕ್ ಚರ್ಚು ಅವರನ್ನು ಸಂತರ ಸಾಲಿಗೆ ಸೇರಿಸಿತು.

ಲೆಕ್ಕದ ಕೊನೆ

ಇನ್ನು ಬೆರಕೆಯವರ ಗತಿ ಏನಾಯಿತು? 1942ರ ಜನವರಿ 20ರಂದು ಬರ್ಲಿನ್ನಿನ ವಾನ್‌ಸೇ ಎಂಬಲ್ಲಿ ಹದಿನೈದು ಮಂದಿ ಅಧಿಕಾರಿಗಳು ಯುರೋಪಿನ ಯಹೂದಿಗಳ ನಾಶದ ವ್ಯವಸ್ಥೆ ಮಾತಾಡಲು ಸೇರಿದರು. ಆ ಸಭೆಯ ವರದಿಯಲ್ಲಿ ಪುಟಗಟ್ಟಲೆ ಚರ್ಚೆಯಾದದ್ದು ಬೆರಕೆಯವರನ್ನು ಏನು ಮಾಡಬೇಕೆಂಬುದು. ಅರ್ಧದವರನ್ನೂ ಯಹೂದಿಗಳ ಜತೆ ಸೇರಿಸೋಣ ಎಂದರು ಕೆಲವರು. ಹಿಂದೆ ವ್ಯಾಖ್ಯಾನ ಬರೆದ ಅದೇ ಸ್ಟುಕಾರ್ಟ್, ಅವರಿಗೆ ಮಕ್ಕಳಾಗದಂತೆ ಬಲವಂತದ ಶಸ್ತ್ರಚಿಕಿತ್ಸೆ ಮಾಡೋಣ ಎಂದ. ಮತ್ತೆರಡು ಸಭೆಗಳಾದರೂ ತೀರ್ಮಾನವಾಗಲಿಲ್ಲ. ಈ ಅನಿಶ್ಚಿತತೆಯಿಂದಾಗಿ ಜರ್ಮನಿಯೊಳಗಿನ ಬೆರಕೆಯವರಲ್ಲಿ ಹೆಚ್ಚಿನವರು ಬದುಕಿ ಉಳಿದರು. ಅರ್ಧದವರು ಸೈನ್ಯದಿಂದ, ಶಾಲೆಗಳಿಂದ, ಉದ್ಯೋಗಗಳಿಂದ ಹೊರಬಿದ್ದರು. 1944ರಲ್ಲಿ ಅನೇಕರನ್ನು ದುಡಿಮೆಯ ಶಿಬಿರಗಳಿಗೆ ಹಾಕಿದರು. ಪೂರ್ವದಲ್ಲಿ ಗೆದ್ದುಕೊಂಡ ಸೋವಿಯತ್ ನಾಡುಗಳಲ್ಲಿ ಇಷ್ಟು ಸೂಕ್ಷ್ಮ ಲೆಕ್ಕವಿರಲಿಲ್ಲ. ಅಲ್ಲಿ ಅರ್ಧದವರನ್ನೂ ಸಾಮಾನ್ಯವಾಗಿ ಯಹೂದಿಗಳೆಂದೇ ಕೊಂದರು.

ಮೂರು ಅಥವಾ ನಾಲ್ಕರ ಲೆಕ್ಕಕ್ಕೆ ಬಿದ್ದವರ ಮೇಲೆ ಆಜ್ಞೆಗಳು ಒಂದರ ಹಿಂದೊಂದು ಬಂದವು. ಪಾಸ್‌ಪೋರ್ಟಿನಲ್ಲಿ ಕೆಂಪು ಅಕ್ಷರ, ಗಂಡಸರ ಹೆಸರಿಗೆ ‘ಇಸ್ರಾಯೇಲ್’, ಹೆಂಗಸರ ಹೆಸರಿಗೆ ‘ಸಾರಾ’ ಎಂದು ಸೇರಿಸಬೇಕೆಂಬ ಆಜ್ಞೆ, 1941ರ ಸೆಪ್ಟೆಂಬರಿನಿಂದ ಎದೆಯ ಮೇಲೆ ಹಳದಿ ನಕ್ಷತ್ರ, ಆಮೇಲೆ ಪೂರ್ವಕ್ಕೆ ಹೋಗುವ ರೈಲು. ಪ್ರತಿಯೊಂದು ಆಜ್ಞೆಯೂ ‘ಯಹೂದಿ ಯಾರು’ ಎಂದು ಹೊಸದಾಗಿ ಹೇಳಬೇಕಾಗಲಿಲ್ಲ. 1935ರ ನವೆಂಬರಿನ ನಿಯಮವನ್ನು ತೋರಿಸಿದರೆ ಸಾಕಿತ್ತು. ಜರ್ಮನಿಯ ಯಹೂದಿಗಳಲ್ಲಿ ಸುಮಾರು 1 ಲಕ್ಷ 60 ಸಾವಿರ ಮಂದಿ ಹತರಾದರು. 1945ರ ಸೆಪ್ಟೆಂಬರ್ 20ರಂದು, ಜರ್ಮನಿಯನ್ನು ಸೋಲಿಸಿದ ಮಿತ್ರರಾಷ್ಟ್ರಗಳ ಆಡಳಿತ ಮಂಡಳಿ ತನ್ನ ಮೊದಲನೆಯ ಕಾನೂನಿನಿಂದಲೇ ಇವೆಲ್ಲವನ್ನೂ ರದ್ದು ಮಾಡಿತು.

ಮಕ್ಕಳಿಗೆ ಈ ಪಾಠವನ್ನು ವಿವರಿಸುವಾಗ ‘ಯಹೂದಿ ಎಂದರೆ ಧರ್ಮವೋ ಜನಾಂಗವೋ’ ಎಂಬುದಕ್ಕೆ ನೀವು ಹೀಗೆ ಹೇಳಬಹುದು. ಯಹೂದಿಗಳು ಒಂದು ಹಳೆಯ ಧರ್ಮ ಮತ್ತು ಸಂಪ್ರದಾಯವನ್ನು ಹೊಂದಿದ ಜನ. ತಮ್ಮವರು ಯಾರು ಎಂದು ಹೇಳಲು ಅವರಿಗೆ ಅವರದೇ ನಿಯಮಗಳಿವೆ. ನಾಜಿ ಸರಕಾರ ಅವರನ್ನು ಬೇರೆ ರಕ್ತದವರು ಎಂದಿತು. ಆ ರಕ್ತವನ್ನು ತೋರಿಸಲಾರದೆ, ಅವರ ಅಜ್ಜ-ಅಜ್ಜಿಯರು ಪ್ರಾರ್ಥನೆಗಾಗಿ, ಮದುವೆಗಾಗಿ, ಮಗುವಿನ ನಾಮಕರಣಕ್ಕಾಗಿ ಬರೆಸಿದ ಹೆಸರುಗಳನ್ನು ತೆಗೆದುಕೊಂಡು ಅದನ್ನೇ ರಕ್ತ ಎಂದು ಕರೆಯಿತು.